ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ರೇಖಾಚಿತ್ರ ಹಾಳೆಯ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಿದ ಅರ್ಥಶಾಸ್ತ್ರದ ಪುನರಾವರ್ತನೆ ಹಾಳೆಯ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ, ಕೆಲವರು ಆಫೀಸಿಗೇ ಬಂದು ಮಾತನಾಡಿದ್ದೀರಿ. ಹಾಳೆಯಲ್ಲಿ ಚಿತ್ರವಿದೆ, ಬಾಣದ ಗುರುತಿದೆ, ಆದರೆ ‘ಏಕೆ’ ಎಂಬ ಜಾಗ ಖಾಲಿ ಇದೆ ಎಂಬುದು ಒಂದು ದೂರು. ಅಚ್ಚುಕಟ್ಟಾಗಿ ಚಿತ್ರ ಬರೆದ ಮಕ್ಕಳಿಗೂ ತರಗತಿ ಪರೀಕ್ಷೆಯಲ್ಲಿ ಅರ್ಧ ಅಂಕ ಮಾತ್ರ ಬಂದಿದೆ ಎಂಬುದು ಇನ್ನೊಂದು. “ಟೀಚರೇ ಬರೆದು ಕೊಟ್ಟರೆ ಮಕ್ಕಳು ಬಾಯಿಪಾಠ ಮಾಡ್ತಾರಲ್ವಾ ಸರ್?” ಎಂದು ಒಬ್ಬ ತಾಯಿ ಕೇಳಿದರು. ಪರೀಕ್ಷೆ ಹತ್ತಿರ ಬರುವಾಗ ಮನೆಯಲ್ಲಿ ಎಷ್ಟು ಆತಂಕವಿರುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಆ ಪ್ರಶ್ನೆಗೆ ಇಲ್ಲಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅಂಕ ಕಡಿಮೆ ಬಂದ ಒಂದು ಉತ್ತರವನ್ನೇ ತೆಗೆದುಕೊಳ್ಳೋಣ. ಮಳೆಗಾಲದ ಮೀನುಗಾರಿಕೆ ನಿಷೇಧ ಬಂಗುಡೆಯ ಬೆಲೆಯನ್ನು ಹೇಗೆ ಬದಲಿಸುತ್ತದೆ ಎಂಬುದು ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಯಾವ ಬೆಲೆಗೆ ಎಷ್ಟು ಮೀನು ಮಾರಾಟಕ್ಕೆ ಬರುತ್ತದೆ ಎಂದು ತೋರಿಸುವ ಪೂರೈಕೆ ರೇಖೆ ಎಡಕ್ಕೆ, ಅಂದರೆ ಕಡಿಮೆ ಪ್ರಮಾಣದ ಕಡೆಗೆ, ಸರಿಯುತ್ತದೆ ಎಂದು ಆ ವಿದ್ಯಾರ್ಥಿ ಸರಿಯಾಗಿಯೇ ಬರೆದಿದ್ದ. ಆಮೇಲೆ, ‘ಬೆಲೆ ಏರಿತು, ಆದ್ದರಿಂದ ಬೇಡಿಕೆ ಕುಸಿಯಿತು’ ಎಂದು ಬರೆದು, ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಬೇಡಿಕೆ ರೇಖೆಯನ್ನೂ ಎಡಕ್ಕೆ ಎಳೆದ. ನೋಡಲು ಚಿತ್ರ ಬಹಳ ಚೆನ್ನಾಗಿತ್ತು. ಆದರೆ ಎರಡು ರೇಖೆಗಳೂ ಸಮನಾಗಿ ಎಡಕ್ಕೆ ಸರಿದದ್ದರಿಂದ ಅವನ ಚಿತ್ರದಲ್ಲಿ ಬಂಗುಡೆಯ ಬೆಲೆ ಮೊದಲು ಇದ್ದಲ್ಲೇ ಇತ್ತು. ಜುಲೈಯಲ್ಲಿ ಮೀನು ಮಾರ್ಕೆಟ್ಟಿಗೆ ಹೋದ ಯಾರೂ ಅದನ್ನು ಒಪ್ಪಲಾರರು.

ತಪ್ಪು ಎಲ್ಲಿ ಆಯಿತು ಎಂದು ಲೆಕ್ಕದಲ್ಲಿ ತೋರಿಸುತ್ತೇನೆ. ಈ ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು. ಮೇ ತಿಂಗಳಲ್ಲಿ ಒಂದು ಸಣ್ಣ ಮಾರ್ಕೆಟ್ಟಿನಲ್ಲಿ ಕಿಲೋಗೆ 200 ರೂಪಾಯಿಯಂತೆ ದಿನಕ್ಕೆ 100 ಕಿಲೋ ಬಂಗುಡೆ ಹೋಗುತ್ತದೆ ಎಂದುಕೊಳ್ಳಿ. ನಿಷೇಧ ಬಂತು. ಅದೇ 200 ರೂಪಾಯಿಗೆ ಈಗ ಮಾರಾಟಕ್ಕೆ ಬರುವುದು 40 ಕಿಲೋ ಮಾತ್ರ. ಇದು ಪೂರೈಕೆ ರೇಖೆಯ ಪಲ್ಲಟ. ಬೆಲೆ ಬದಲಾಗುವ ಮೊದಲೇ, ಬೆಲೆಯಲ್ಲದ ಬೇರೊಂದು ಕಾರಣದಿಂದ ಇಡೀ ರೇಖೆಯೇ ಜಾಗ ಬಿಟ್ಟಿತು. ಆದರೆ ತಿನ್ನುವವರಿಗೆ ಏನೂ ಆಗಿಲ್ಲ. 200 ರೂಪಾಯಿಗೆ ಸಿಗುವುದಾದರೆ ಅವರು ಇಂದೂ 100 ಕಿಲೋ ಕೊಳ್ಳಲು ತಯಾರು. ಹಾಗಾದರೆ 60 ಕಿಲೋ ಕೊರತೆ. ಈ ಕೊರತೆಯೇ ಬೆಲೆಯನ್ನು ಮೇಲೆ ತಳ್ಳುತ್ತದೆ. ಬೆಲೆ ಏರಿದಂತೆ ಕೆಲವರು ಅರ್ಧ ಕಿಲೋ ಸಾಕು ಎನ್ನುತ್ತಾರೆ, ಕೆಲವರು ಒಣಮೀನಿಗೆ ಹೋಗುತ್ತಾರೆ. ಇತ್ತ ನಿಷೇಧವಿಲ್ಲದ ನಾಡದೋಣಿಯವರು ಇನ್ನೊಂದು ಸಲ ಬಲೆ ಬೀಸುತ್ತಾರೆ, ದೂರದಿಂದ ಐಸ್ ಹಾಕಿ ಲಾರಿಯಲ್ಲಿ ತರುವುದೂ ಗಿಟ್ಟುತ್ತದೆ. 300 ರೂಪಾಯಿಯಲ್ಲಿ ಕೊಳ್ಳುವವರು 60 ಕಿಲೋಗೆ ಇಳಿದು, ಮಾರುವವರು 60 ಕಿಲೋಗೆ ಏರಿ, ಇಬ್ಬರೂ ಒಂದು ಕಡೆ ಸೇರಿದರು. ಅದೇ ಹೊಸ ಸಮತೋಲನ.

ಜನ 100ರಿಂದ 60 ಕಿಲೋಗೆ ಇಳಿದದ್ದು ಹಳೆಯ ಬೇಡಿಕೆ ರೇಖೆಯ ಮೇಲೆಯೇ ಆದ ಚಲನೆ. ಇಲ್ಲಿ ಇಳಿದದ್ದು ಬೇಡಿಕೆಯ ಪ್ರಮಾಣ. ಬೇಡಿಕೆ ಇಳಿದಿಲ್ಲ. ಕೇಳಲು ಎರಡೂ ಒಂದೇ ಎನ್ನಿಸುವುದರಿಂದ ಇಲ್ಲಿ ಎಡವುವವರೇ ಹೆಚ್ಚು. ನಾನು ತರಗತಿಯಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲೂ ಹೀಗೇ ಇತ್ತು. ‘ಬೆಲೆ ಏರಿದ್ದರಿಂದ’ ಎಂದು ಆರಂಭವಾಗುವ ಕಾರಣ ಬರೆದು ಅದೇ ಸರಕಿನ ರೇಖೆಯನ್ನು ಸರಿಸಿದ್ದರೆ ಆ ಚಿತ್ರ ಖಂಡಿತ ತಪ್ಪು. ಬೆಲೆ ಚಿತ್ರದಲ್ಲೇ ಒಂದು ಅಕ್ಷವಾಗಿ ಕುಳಿತಿದೆ. ಅದು ಬದಲಾದರೆ ನಾವು ರೇಖೆಯ ಮೇಲೆ ನಡೆಯುತ್ತೇವೆ, ರೇಖೆ ಅಲುಗುವುದಿಲ್ಲ. ಕೋಳಿಯ ಚಿತ್ರ ಬರೆಯುವುದಾದರೆ ಮಾತು ಬೇರೆ: ಮೀನಿನ ಬೆಲೆ ಕೋಳಿಯ ಚಿತ್ರದ ಹೊರಗಿನ ಸಂಗತಿ, ಬದಲಿ ಸರಕಿನ ಬೆಲೆ. ಮೀನು ದುಬಾರಿಯಾದರೆ ಕೋಳಿಯ ಬೇಡಿಕೆ ರೇಖೆ ನಿಜಕ್ಕೂ ಬಲಕ್ಕೆ ಸರಿಯುತ್ತದೆ.

ಈಗ ಆ ಖಾಲಿ ಜಾಗದ ಮಾತಿಗೆ ಬರುತ್ತೇನೆ. ಎಡಕ್ಕೋ ಬಲಕ್ಕೋ ಎಂಬ ಬಾಣವನ್ನು ಬಾಯಿಪಾಠ ಮಾಡಬಹುದು. ಆ ಹುಡುಗ ಮಾಡಿದ್ದೂ ಅದನ್ನೇ. ಕಾರಣವನ್ನು ಸ್ವಂತ ವಾಕ್ಯದಲ್ಲಿ ಬರೆದಾಗ ಮಾತ್ರ ಎಲ್ಲಿ ದಾರಿ ತಪ್ಪಿದೆ ಎಂದು ನಮಗೆ ಕಾಣುತ್ತದೆ. ನಾವೇ ಅಚ್ಚು ಹಾಕಿ ಕೊಟ್ಟ ವಾಕ್ಯದಲ್ಲಿ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಆ ಜಾಗ ಖಾಲಿಯೇ ಇರುತ್ತದೆ, ಕಾರಣವಿಲ್ಲದ ಚಿತ್ರಕ್ಕೆ ನಮ್ಮ ತರಗತಿ ಪರೀಕ್ಷೆಯಲ್ಲಿ ಪೂರ್ಣ ಅಂಕ ಕೊಡುವುದಿಲ್ಲ. ಇದು ಯಾವ ಮಗುವಿನ ಮೇಲಿನ ಸಿಟ್ಟೂ ಅಲ್ಲ. ಬರೆಯಲು ಕಷ್ಟಪಡುವ ಮಕ್ಕಳು ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಬರೆಯಲಿ. ಉಪನ್ಯಾಸಕರು ಪ್ರತಿದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದಕ್ಕಾಗಿಯೇ ಕುಳಿತಿರುತ್ತಾರೆ. ಭಾಷೆ ತಪ್ಪಿದರೆ ಅಂಕ ಕಳೆಯುವುದಿಲ್ಲ, ತುಳುವಿನ ಮಾತು ಸೇರಿದರೂ ಪರವಾಗಿಲ್ಲ. ಆದರೆ ವಾಕ್ಯ ಮಗುವಿನದೇ ಆಗಿರಬೇಕು.

ಹಾಳೆಯ ಕೊನೆಯ ಚಿತ್ರದ ಬಗ್ಗೆಯೂ ಆಕ್ಷೇಪ ಬಂದಿದೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಹೊರಡುತ್ತವೆ, ಪೂರೈಕೆ ರೇಖೆ ಬಲಕ್ಕೆ ಮರಳುತ್ತದೆ. ಅದೇ ಹೊತ್ತಿಗೆ ಶ್ರಾವಣವೆಂದು ಕೆಲವು ಮನೆಗಳಲ್ಲಿ ಮೀನು ಬಿಡುತ್ತಾರೆ, ಬೇಡಿಕೆ ರೇಖೆ ಎಡಕ್ಕೆ ಸರಿಯುತ್ತದೆ. ಎರಡೂ ಬೆಲೆಯನ್ನು ಕೆಳಗೇ ಎಳೆಯುವುದರಿಂದ ಬೆಲೆ ಇಳಿಯುವುದು ನಿಶ್ಚಿತ. ಮಾರಾಟವಾಗುವ ಪ್ರಮಾಣ? ಒಂದು ಅದನ್ನು ಹೆಚ್ಚಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ. ಯಾವುದು ಎಷ್ಟು ಸರಿಯಿತು ಎಂದು ತಿಳಿಯದೆ ಉತ್ತರ ಇಲ್ಲ. ‘ಹೇಳಲಾಗದು’ ಎಂದು ಬರೆದು ಅದಕ್ಕೆ ಕಾರಣ ಕೊಡುವುದೇ ಇಲ್ಲಿ ಸರಿಯುತ್ತರ. ಟ್ಯೂಷನ್ ನೋಟ್ಸಿನಲ್ಲಿ ‘ಹೆಚ್ಚುತ್ತದೆ’ ಎಂದಿದೆಯಂತೆ. ಅಲ್ಲಿನ ಚಿತ್ರದಲ್ಲಿ ಪೂರೈಕೆ ರೇಖೆಯನ್ನು ದೂರ ಎಳೆದಿದ್ದರಿಂದ ಹಾಗೆ ಕಾಣುತ್ತದೆ, ಅಷ್ಟೇ.

ಇಂಜಿನಿಯರ್ ಆಗಿರುವ ಒಬ್ಬ ತಂದೆ, ಗಣಿತದಲ್ಲಿ ಕಾರಣವಾದದ್ದು ಅಡ್ಡ ಅಕ್ಷದಲ್ಲಿ ಬರಬೇಕಲ್ಲ, ಬೆಲೆಯನ್ನು ಲಂಬ ಅಕ್ಷದಲ್ಲಿ ಏಕೆ ಇಟ್ಟಿದ್ದೀರಿ ಎಂದು ಕೇಳಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಅರ್ಥಶಾಸ್ತ್ರದಲ್ಲಿ ನಡೆದುಬಂದ ರೂಢಿ ಇದು. ಪಠ್ಯಪುಸ್ತಕವೂ ಅದನ್ನೇ ಅನುಸರಿಸುತ್ತದೆ. ದಯವಿಟ್ಟು ಮನೆಯಲ್ಲಿ ಅಕ್ಷಗಳನ್ನು ಅದಲುಬದಲು ಮಾಡಿಸಬೇಡಿ.

ಅಂಕ ಮರುಪರಿಶೀಲಿಸಿ ಎಂದು ಕೇಳಿದವರ ಉತ್ತರ ಪತ್ರಿಕೆಗಳನ್ನು ನಾನೇ ಮತ್ತೊಮ್ಮೆ ನೋಡಿದ್ದೇನೆ. ಎರಡರಲ್ಲಿ ಕಾರಣವನ್ನು ಚಿತ್ರದ ಒಳಗೇ ಸಣ್ಣದಾಗಿ ಬರೆದಿದ್ದರು, ನಮ್ಮವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಅಂಕ ಸೇರಿಸಿದ್ದೇವೆ, ಆ ಮಕ್ಕಳಲ್ಲಿ ಕ್ಷಮೆಯನ್ನೂ ಕೇಳಿದ್ದೇವೆ. ಉಳಿದವು ಬದಲಾಗಿಲ್ಲ.

ಮಗು ತಾನೇ ತುಂಬಿದ ಹಾಳೆಗೆ ಸಹಿ ಹಾಕಿ ಸೋಮವಾರ ಕಳುಹಿಸಿಕೊಡಿ.

ಸಹಿ ಹಾಕುವ ಮೊದಲು ಕೇಳಲು ಒಂದು ಪ್ರಶ್ನೆ ಬೇಕಿದ್ದರೆ ಇದನ್ನು ಕೇಳಬಹುದು: ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ 15ರ ನಂತರ ಆ ಕಡೆಯ ಮೀನು ಲಾರಿಯಲ್ಲಿ ನಮ್ಮ ಮಾರ್ಕೆಟ್ಟಿಗೆ ಬರತೊಡಗಿದರೆ ಯಾವ ರೇಖೆ, ಯಾವ ಕಡೆಗೆ, ಏಕೆ?

ಇತಿ,
ಪ್ರಾಂಶುಪಾಲರು