ಫೈರ್‌ಫ್ಲೈ ನೋಡುವವರಿಗೆ: ಮೊದಲು ಕ್ರಮ ನೋಡಿ

ಎಲ್ಲರಿಗೂ ನಮಸ್ಕಾರ. ಈ ವಾರಾಂತ್ಯ ‘ಫೈರ್‌ಫ್ಲೈ’ ಧಾರಾವಾಹಿ ಶುರು ಮಾಡುವವರು ಕಂತುಗಳ ಕ್ರಮವನ್ನು ಒಮ್ಮೆ ನೋಡಿಕೊಳ್ಳಿ. ಮೊದಲ ಕಂತು ‘ಸೆರೆನಿಟಿ’ ಆಗಿರಬೇಕು. ಅದು ಸುಮಾರು ಒಂದೂವರೆ ಗಂಟೆ ಇದೆ. ನಿಮ್ಮ ಪಟ್ಟಿ ‘ದಿ ಟ್ರೇನ್ ಜಾಬ್’ನಿಂದ ಶುರುವಾದರೆ, ಅದು ಟಿವಿಯಲ್ಲಿ ಬಂದ ತಪ್ಪು ಕ್ರಮ.

ಅಮೆರಿಕದ ಫಾಕ್ಸ್ ವಾಹಿನಿ 2002ರ ಸೆಪ್ಟೆಂಬರ್‌ನಲ್ಲಿ ಹಾಗೇ ಮಾಡಿತು. ‘ಸೆರೆನಿಟಿ’ಯಲ್ಲಿ ಡಾಕ್ಟರ್ ಸೈಮನ್ ತನ್ನ ತಂಗಿ ರಿವರ್‌ಳನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಬಾಹ್ಯಾಕಾಶ ಹಡಗು ಹತ್ತುತ್ತಾನೆ. ಅದನ್ನು ನೋಡದವರಿಗೆ ಅವರಿಬ್ಬರೂ ಯಾಕೆ ಓಡುತ್ತಿದ್ದಾರೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಆ ಕಂತನ್ನು ಡಿಸೆಂಬರ್ 20ಕ್ಕೆ, ಎಲ್ಲದರ ಕೊನೆಗೆ ಹಾಕಿದರು. ಅಷ್ಟರಲ್ಲಿ ಧಾರಾವಾಹಿ ರದ್ದಾಗಿತ್ತು. ತಯಾರಾದ 14 ಕಂತುಗಳಲ್ಲಿ 11 ಮಾತ್ರ ಪ್ರಸಾರವಾಗಿದ್ದವು. ನನಗೆ ಇದು ಇವತ್ತಿಗೂ ಬೇಜಾರಿನ ವಿಷಯ.

ಒಂದು ವರ್ಷದ ನಂತರ, 2003ರ ಡಿಸೆಂಬರ್‌ನಲ್ಲಿ ಡಿವಿಡಿ ಬಂತು. ಅದರಲ್ಲಿ 14 ಕಂತುಗಳೂ ಸರಿಯಾದ ಕ್ರಮದಲ್ಲಿದ್ದವು. ಕಥೆಯನ್ನು ಮೊದಲ ಬಾರಿಗೆ ನೆಟ್ಟಗೆ ನೋಡಲು ಸಿಕ್ಕಿದ್ದೇ ಆಗ. ಜನ ಕೊಂಡರು, ಗೆಳೆಯರಿಗೂ ನೋಡಲು ಕೊಟ್ಟರು. ಡಿವಿಡಿ ಚೆನ್ನಾಗಿ ಮಾರಾಟವಾಗಿ, ಧಾರಾವಾಹಿಯ ಸೃಷ್ಟಿಕರ್ತ ಜಾಸ್ ವೀಡನ್ ಅದೇ ನಟರನ್ನಿಟ್ಟುಕೊಂಡು ಯೂನಿವರ್ಸಲ್ ಸ್ಟುಡಿಯೋಗೆ ಸಿನಿಮಾ ಮಾಡಿದರು. 2005ರ ಆ ಸಿನಿಮಾದ ಹೆಸರೂ ‘ಸೆರೆನಿಟಿ’ಯೇ. ಗೊಂದಲ ಆಗುವುದೇ ಇಲ್ಲಿ. ಸಿನಿಮಾವನ್ನು ಮೊದಲು ಹಾಕಿಬಿಟ್ಟರೆ ರಿವರ್‌ಳ ಗುಟ್ಟೆಲ್ಲ ಬಯಲಾಗುತ್ತದೆ. 14 ಕಂತು ಮುಗಿಸಿ ಆಮೇಲೆ ನೋಡಿ.

ಎಂಟನೆಯ ಕಂತು ‘ಔಟ್ ಆಫ್ ಗ್ಯಾಸ್’ ನೋಡುವಾಗ ದಯವಿಟ್ಟು ಫೋನ್ ಬದಿಗಿಡಿ. ಕಥೆ ಮೂರು ಕಾಲಗಳ ನಡುವೆ ಓಡಾಡುತ್ತದೆ.