ಕಾಶಿಗೆ ಹೊರಟವರಿಗೆ ಒಂದು ಹಿಂದಿ ಮಾತು

ಕೋಲಾರದಿಂದ ಹೊರಡುವ ಎಲ್ಲರಿಗೂ ನಮಸ್ಕಾರ. ದಶಾಶ್ವಮೇಧ ಘಾಟ್‌ನಲ್ಲಿ ದೀಪ, ಸರ, ದೋಣಿ ಅಂತ ಹಿಂದೆ ಬೀಳುವವರು ಜಾಸ್ತಿ. ಅವರಿಗೆ ಹೇಳಬೇಕಾದ್ದು ಇಷ್ಟೇ: "ನಹೀಂ ಚಾಹಿಯೇ, ಭೈಯಾ." ಬೇಡ ಅಣ್ಣಾ ಅಂದ ಹಾಗೆ. ಹೆಂಗಸಾದರೆ "ದೀದಿ" ಅನ್ನಿ.

ನಮ್ಮ ಊರಲ್ಲಿ ಕೇಳಿ ಕಲಿತ "ನಕ್ಕೋ" ಅಲ್ಲಿ ಬೇಡ. ಅದು ದಖನಿ ಮಾತು, ಆ ಕಡೆ ಬಳಕೆಯಲ್ಲಿಲ್ಲ. "ನಹೀಂ ಹೋನಾ" ಕೂಡ ಹಾಗೇ. ಅವರ ಹಿಂದಿಯಲ್ಲಿ "ಹೋನಾ" ಅಂದರೆ "ಆಗುವುದು", "ಬೇಕು" ಅಲ್ಲ.

ಕಳೆದ ಸಲ ನಾನು ರುದ್ರಾಕ್ಷಿ ಮಾರುವ ಹುಡುಗನಿಗೆ "ಬಾದ್ ಮೇಂ" ಅಂದುಬಿಟ್ಟೆ. ಆಮೇಲೆ ಅಂತ ಅರ್ಥ. ಆರತಿ ಮುಗಿಯುವವರೆಗೂ ಕಾದು, "ಆಪ್ ನೇ ಬೋಲಾ ಥಾ" ಅಂತ ಬಂದ. ನೀವೇ ಹೇಳಿದ್ರಲ್ಲ ಅಂತ! ತಪ್ಪು ನನ್ನದೇ ಅಲ್ವಾ? ಕೊಂಡೆ.

ಸುಮ್ನೆ "ಕಿತ್ನೇ ಕಾ?" ಅಂತಲೂ ಬೆಲೆ ಕೇಳಬೇಡಿ, ಚೌಕಾಸಿ ಶುರುವಾದ ಹಾಗೆ. ಒಮ್ಮೆ ಮುಖ ನೋಡಿ ಹೇಳಿ, ನಡೆಯುತ್ತಾ ಇರಿ. ಮತ್ತೆ ಬಂದರೆ ಅದೇ ಮಾತು, ಅದೇ ದನಿಯಲ್ಲಿ. ವಸ್ತುವನ್ನು ಕೈಗೆ ಮಾತ್ರ ತಗೋಬೇಡಿ.