ಜಿಲ್ಲಾ ಅಂಕಿ ಅಂಶದ ಪುಸ್ತಕ ನೋಡೋವಾಗ ಕಳಸ–ಮೂಡಿಗೆರೆ ಗಮನಿಸಿ

ಎಲ್ರಿಗೂ ನಮಸ್ಕಾರ. ನಿನ್ನೆ ಗುಂಪಲ್ಲಿ ಒಬ್ರು "ಮೂಡಿಗೆರೆಲಿ ಶಾಲೆಗಳು ಇಷ್ಟು ಕಮ್ಮಿ ಆಗೋದ್ವಾ" ಅಂತ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಂಕಿ ಅಂಶದ ಪುಸ್ತಕದ ಟೇಬಲ್ ಫೋಟೋ ಹಾಕಿದ್ರಲ್ಲ, ಅದಕ್ಕೆ ಇದು.

ಈ ಪುಸ್ತಕದ ಅಂಕಿಗಳನ್ನ ಸಾಂಖ್ಯಿಕ ಕಚೇರಿಯವರೇ ಮನೆಮನೆಗೆ ಹೋಗಿ ಎಣಿಸಿರಲ್ಲ. ಜಿಲ್ಲೆಯ ಸಾಂಖ್ಯಿಕ ಅಧಿಕಾರಿ ಕಚೇರಿಯಿಂದ ಶಿಕ್ಷಣ, ಕೃಷಿ, ಆರೋಗ್ಯ ಎಲ್ಲಾ ಇಲಾಖೆಗೂ ನಮೂನೆ ಹೋಗತ್ತೆ, ಅವ್ರು ತುಂಬಿ ಕೊಟ್ಟಿದ್ದನ್ನ ಇವ್ರು ತಾಳೆ ನೋಡಿ ತಾಲ್ಲೂಕುವಾರು ಜೋಡಿಸ್ತಾರೆ. ಅದಕ್ಕೇ ಟೇಬಲ್ ಕೆಳಗೆ "ಆಧಾರ" ಅಂತ ಸಣ್ಣಕ್ಷರದಲ್ಲಿ ಇರೋದನ್ನ ಮೊದ್ಲು ಓದಿ.

ಈಗ ಮೂಡಿಗೆರೆ ವಿಷ್ಯ. ಕಳಸ ಮೊದ್ಲು ಅದರೊಳಗೇ ಇತ್ತು, ಆಮೇಲೆ ಬೇರೆ ತಾಲ್ಲೂಕು ಆಯ್ತು. ಸುಮ್ನೆ ಉದಾಹರಣೆಗೆ, ಹಳೇ ಪುಸ್ತಕದಲ್ಲಿ ಮೂಡಿಗೆರೆಗೆ 100 ಅಂತಿದ್ದು ಹೊಸದ್ರಲ್ಲಿ 72 ಅಂತಿದ್ರೆ ಗಾಬರಿ ಬೀಳ್ಬೇಡಿ, ಕಳಸದ ಸಾಲಲ್ಲಿ 27 ಇದ್ರೆ ಎರಡೂ ಕೂಡಿ 99, ನಿಜವಾಗಿ ಕಮ್ಮಿ ಆಗಿದ್ದು ಒಂದೇ. ಕಳಸದ ಎದುರು ಬರೀ ಗೀಟು ಇದ್ರೆ ಆ ಇಲಾಖೆ ಇನ್ನೂ ಹಳೇ ತಾಲ್ಲೂಕಿನ ಲೆಕ್ಕದಲ್ಲೇ ಕೊಟ್ಟಿರಬಹುದು, ಗೀಟನ್ನ ಸೊನ್ನೆ ಅಂತ ಓದ್ಬೇಡಿ.

ಇನ್ನೊಂದು, ಜನಸಂಖ್ಯೆ 2011ರ ಜನಗಣತಿದು, ಜಿಲ್ಲೆಗೆ 11,37,961. ಈಗಿನ ಆಸ್ಪತ್ರೆ ಹಾಸಿಗೆನ ಅದ್ರಿಂದ ಭಾಗಿಸಿ "ತಲಾ ಇಷ್ಟು" ಅಂತ ಫಾರ್ವರ್ಡ್ ಮಾಡೋರು ಎರಡೂ ವರ್ಷ ಬರೀರಿ ಮಾರಾಯ್ರೇ. ಫೋಟೋ ಹಾಕೋವಾಗ ತಲೆಬರಹ, ಅಡಿಟಿಪ್ಪಣಿ ಕತ್ತರಿಸ್ಬೇಡಿ.